ನಾಗವೇಣಿ ಕೊಟ್ಟ ‘ದಾರಿ ಇಲ್ಲ’ ಎಂಬ ಉತ್ತರ

ಹೊನ್ನಾವರ ಪೇಟೆಯಲ್ಲಿ ನಾಗವೇಣಿಯ ಮುಖ ಗುರುತಿಲ್ಲದವರು ಬೇಕಾದಷ್ಟು ಜನ ಇದ್ದರು, ದನಿ ಗುರುತಿಲ್ಲದವರು ಕಡಿಮೆ. ಹತ್ತೊಂಬತ್ತನೇ ವಯಸ್ಸಿಗೆ ದೂರವಾಣಿ ಕೇಂದ್ರದಲ್ಲಿ ಆಪರೇಟರಾಗಿ ಕೂತವಳು ಅವಳು. ಟ್ರಂಕ್ ಕಾಲ್ ಬುಕ್ ಮಾಡಿ ಗಂಟೆಗಟ್ಟಲೆ ಕಾಯುವ ಕಾಲದಲ್ಲಿ “ಬೊಂಬಾಯಿ ಲೈನ್ ಸಿಕ್ಕಿತು, ಮಾತಾಡಿ” ಎಂಬ ಅವಳ ಮಾತಿಗಾಗಿ ಊರಿಗೂರೇ ಕಿವಿ ತೆರೆದು ಕೂರುತ್ತಿತ್ತು. ಮೀನು ಮಾರ್ಕೆಟ್ಟಿನಲ್ಲಿ “ಬಂಗುಡೆ ಹೆಂಗೆ ಕೊಟ್ಟೆ?” ಎಂದು ಅವಳು ಕೇಳಿದರೆ ಪಕ್ಕದಲ್ಲಿದ್ದವರು ತಿರುಗಿ, “ಓ, ನೀವು ಎಕ್ಸ್‌ಚೇಂಜಿನ ಅಕ್ಕ ಅಲ್ದಾ?” ಎನ್ನುವುದಿತ್ತು.

ಆಮೇಲೆ ಬೀದಿಬೀದಿಗೆ ಎಸ್‌ಟಿಡಿ ಬೂತುಗಳು ಬಂದವು, ಮನೆಮನೆಯಿಂದಲೇ ನೇರ ನಂಬರು ಹಚ್ಚುವ ಕಾಲ ಬಂತು. ನಾಗವೇಣಿಯ ಮುಂದಿದ್ದ ಬೋರ್ಡನ್ನು ಬಿಚ್ಚಿ ಲಾರಿಯಲ್ಲಿ ಒಯ್ದರು. ಅವಳನ್ನು ದೂರು ಬರೆದುಕೊಳ್ಳುವ ಮೇಜಿಗೆ ಕೂರಿಸಿದರು. ಫೋನು ಸತ್ತವರು, ಕರಕರ ಶಬ್ದ ಬರುವವರು, ತಮ್ಮ ಫೋನಿಗೆ ಯಾರದೋ ಕರೆ ಬರುವವರು. ಬರೆದುಕೊಂಡು ಲೈನ್‌ಮನ್‌ಗಳಿಗೆ ಒಪ್ಪಿಸಿದರೆ ಅವಳ ಕೆಲಸ ಮುಗಿಯಿತು. ಕೈಯಲ್ಲಿ ಒಂದಿಷ್ಟು ಹೊತ್ತು ಉಳಿಯತೊಡಗಿತು.

ಆ ಹೊತ್ತನ್ನು ಅವಳು ಓದಿಗೆ ಹಾಕಿದಳು. ಪಿಯುಸಿಯಲ್ಲಿ ಗಣಿತಕ್ಕೆ ತೊಂಬತ್ತಾರು ಅಂಕ ತೆಗೆದು, ಸರ್ಕಾರಿ ನೌಕರಿ ಸಿಕ್ಕಿತೆಂದು ಓದು ಬಿಟ್ಟ ನೋವು ಅವಳಿಗೆ ಒಳಗೇ ಇತ್ತು. ಅಂಚೆಯ ಮೂಲಕ ಪದವಿ ಮುಗಿಸಿದಳು. ಅದು ಮುಗಿದ ಬೆನ್ನಿಗೇ, ಮೂವತ್ತೇಳನೇ ವಯಸ್ಸಿನಲ್ಲಿ, ಎಂಸಿಎಗೆ ಹೆಸರು ಹಚ್ಚಿದಳು. ಪಾಠದ ಪುಸ್ತಕಗಳು ಅಂಚೆಯಲ್ಲಿ ಬರುತ್ತಿದ್ದವು. ಭಾನುವಾರ ಕುಮಟೆಯ ಒಂದು ಕಾಲೇಜಿನ ಕೋಣೆಯಲ್ಲಿ ತರಗತಿ.

ಹೊನ್ನಾವರದ ಹೊಳೆಯಾಚೆ ಕಾಸರಕೋಡಿನ ಮನೆಯಲ್ಲಿ ಅತ್ತೆ ಬಂಗಾರಿಗೆ ಇದು ಅರ್ಥವಾಗದ ಸಂಗತಿ. “ನೌಕರಿ ಉಂಟು, ಸಂಬಳ ಉಂಟು. ಇನ್ನು ಓದಿ ಎಂತ ಮಾಡ್ತಿ ಮಾರಾಯ್ತಿ? ಫೋನ್ ಇನ್ನೂ ಚಂದ ಎತ್ತೂಕಾ?” ಎಂದು ಕೇಳುತ್ತಿದ್ದರು. ಕೇಳುತ್ತಲೇ ಭಾನುವಾರದ ಬುತ್ತಿಗೆ ಅವಲಕ್ಕಿ ಕಲಸಿಡುತ್ತಿದ್ದರು. ಗಂಡ ಅಣ್ಣಪ್ಪ ಬೋಟಿನ ಇಂಜಿನ್ ರಿಪೇರಿ ಮಾಡುವವನು, ಮಾತು ಕಡಿಮೆ. ಹೆಂಡತಿ ಕಂಪ್ಯೂಟರಿನ ಬಗ್ಗೆ ಏನು ಹೇಳಿದರೂ “ಅದಕ್ಕೂ ಒಂದು ಇಂಜಿನ್ ಇರಬೇಕಲ್ಲ” ಎಂದಷ್ಟೇ ಹೇಳಿ ತನ್ನ ಸ್ಪ್ಯಾನರಿನ ಕಡೆ ತಿರುಗುತ್ತಿದ್ದ.

ಎರಡು ಸಾವಿರದ ಎರಡನೇ ಇಸವಿಯ ಮಳೆಗಾಲ ಮುಗಿಯುವ ಹೊತ್ತಿಗೆ ಕೃತಕ ಬುದ್ಧಿಮತ್ತೆ ಎಂಬ ವಿಷಯದ ಅಸೈನ್‌ಮೆಂಟು ವಿಶ್ವವಿದ್ಯಾಲಯದಿಂದ ಬಂತು. ತರಗತಿ ತೆಗೆದುಕೊಳ್ಳುತ್ತಿದ್ದವರು ಪ್ರಕಾಶ ಶೇಟ್. ವಾರವಿಡೀ ಭಟ್ಕಳದ ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡಿ, ಭಾನುವಾರ ಕುಮಟೆಗೆ ಬರುವ ಹುಡುಗ. ವಯಸ್ಸು ಇಪ್ಪತ್ತಾರು. ನಾಗವೇಣಿ ‘ಸರ್’ ಎಂದರೆ ಅವನಿಗೆ ಮುಜುಗರವಾಗುತ್ತಿತ್ತು. ಅವನು ಅವಳನ್ನು ‘ಅಕ್ಕಾ’ ಎಂದೇ ಕರೆಯುತ್ತಿದ್ದ.

ಅಸೈನ್‌ಮೆಂಟಿನ ಮೂರನೇ ಪ್ರಶ್ನೆ ಎಂಟು ಬಿಲ್ಲೆಗಳ ಆಟ. ಮೂರಕ್ಕೆ ಮೂರರ ಚೌಕದಲ್ಲಿ ಒಂದರಿಂದ ಎಂಟರವರೆಗೆ ಅಂಕಿ ಬರೆದ ಬಿಲ್ಲೆಗಳು, ಒಂದು ಮನೆ ಖಾಲಿ. ಖಾಲಿ ಮನೆಯ ಪಕ್ಕದ ಬಿಲ್ಲೆಯನ್ನು ಅದರೊಳಗೆ ಜಾರಿಸಬಹುದು, ಎತ್ತಿಡುವಂತಿಲ್ಲ. ಹಾಗೆ ಜಾರಿಸುತ್ತ ಜಾರಿಸುತ್ತ ಕೊಟ್ಟ ಜೋಡಣೆಯಿಂದ ಬೇಕಾದ ಜೋಡಣೆಗೆ ತಲುಪಬೇಕು. ಪ್ರಶ್ನೆಯಲ್ಲಿ ಶುರುವಿನ ಜೋಡಣೆ ಹೀಗಿತ್ತು: ಮೇಲಿನ ಸಾಲು ಎರಡು, ಎಂಟು, ಮೂರು, ನಡುವಿನ ಸಾಲು ಒಂದು, ಆರು, ನಾಲ್ಕು, ಕೆಳಗೆ ಏಳು, ಖಾಲಿ, ಐದು. ತಲುಪಬೇಕಾದದ್ದು ಒಂದು ಎರಡು ಮೂರು ಎಂದು ನೇರ ಕ್ರಮದಲ್ಲಿ, ಕೊನೆಯ ಮನೆ ಖಾಲಿ. ಎ ಸ್ಟಾರ್ ಎಂಬ ಹುಡುಕುವ ವಿಧಾನದಿಂದ ಇದನ್ನು ಬಿಡಿಸುವ ಪ್ರೋಗ್ರಾಂ ಬರೆದು, ಪ್ರತಿ ಹೆಜ್ಜೆಯನ್ನೂ ತೋರಿಸಬೇಕು.

ಪ್ರಕಾಶ ಹಲಗೆಯ ಮೇಲೆ ವಿವರಿಸಿದ. “ಕುಮಟೆಯಿಂದ ಭಟ್ಕಳಕ್ಕೆ ದಾರಿ ಹುಡುಕ್ತಾ ಇದ್ದೀರಿ ಅಂತಿಟ್ಕೊಳ್ಳಿ. ಹೊನ್ನಾವರದಲ್ಲಿ ನಿಂತಾಗ ಎರಡು ಲೆಕ್ಕ ಬೇಕು. ಇಲ್ಲೀವರೆಗೆ ನಡೆದದ್ದೆಷ್ಟು, ಅದು ಗೊತ್ತಿದ್ದ ಲೆಕ್ಕ. ಇನ್ನು ಉಳಿದದ್ದೆಷ್ಟು, ಅದು ಅಂದಾಜು. ಎರಡೂ ಕೂಡಿಸಿ ಯಾವುದು ಎಲ್ಲಕ್ಕಿಂತ ಕಡಿಮೆಯೋ ಆ ಜಾಗವನ್ನು ಮೊದಲು ಬಿಚ್ಚಿ ನೋಡೋದು, ಅಂದ್ರೆ ಅಲ್ಲಿಂದ ಎಲ್ಲೆಲ್ಲಿಗೆ ಹೋಗಬಹುದು ಅಂತ. ಒಂದೇ ಕರಾರು. ಅಂದಾಜು ಯಾವತ್ತೂ ನಿಜಕ್ಕಿಂತ ಹೆಚ್ಚಾಗಬಾರದು. ಹೆಚ್ಚಾದರೆ ಸಿಕ್ಕ ದಾರಿ ಹತ್ತಿರದ್ದೇ ಅಂತ ಹೇಳೂಕೆ ಬರುದಿಲ್ಲ.”

“ಬಿಲ್ಲೆಗೆ ಅಂದಾಜು ಹೆಂಗೆ ಸರ್?” ನಾಗವೇಣಿ ಕೇಳಿದಳು.

“ಒಂದೊಂದು ಬಿಲ್ಲೆ ತನ್ನ ಮನೆಯಿಂದ ಎಷ್ಟು ಅಡ್ಡಸಾಲು, ಎಷ್ಟು ಕಂಬಸಾಲು ದೂರ ಅಂತ ಎಣಿಸಿ ಕೂಡಿಸೋದು ಅಕ್ಕಾ. ಒಂದು ಸಲಕ್ಕೆ ಒಂದೇ ಬಿಲ್ಲೆ ಒಂದೇ ಮನೆ ಜಾರುದಲ್ವಾ? ಹಾಗಾಗಿ ಅದಕ್ಕಿಂತ ಕಡಿಮೆಯಲ್ಲಿ ಮುಗಿಯೂಕೆ ಸಾಧ್ಯವೇ ಇಲ್ಲ.”

ನಾಗವೇಣಿ ಅಲ್ಲೇ ಎಣಿಸಿದಳು. ಮೂರೂ ಏಳೂ ತಮ್ಮ ಮನೆಯಲ್ಲೇ ಇದ್ದವು. ಉಳಿದವುಗಳದು ಸೇರಿ ಒಂಬತ್ತು. ಅಂದರೆ ಕಡಿಮೆಯೆಂದರೂ ಒಂಬತ್ತು ಹೆಜ್ಜೆ. ಅವಳಿಗೆ ಖುಷಿಯೋ ಖುಷಿ. ಬಸ್ಸಿನಲ್ಲಿ ಮನೆಗೆ ಬರುವಷ್ಟರಲ್ಲಿ ಪ್ರೋಗ್ರಾಮಿನ ಅರ್ಧ ನೋಟುಬುಕ್ಕಿನಲ್ಲಿತ್ತು.

ಹೊನ್ನಾವರ ಬಜಾರಿನ ಕಂಪ್ಯೂಟರ್ ಕ್ಲಾಸಿನಲ್ಲಿ ಡ್ಯೂಟಿ ಮುಗಿದ ಮೇಲೆ ದಿನಕ್ಕೊಂದು ಗಂಟೆ ಕೂತು ಅದನ್ನು ಟೈಪ್ ಹೊಡೆದಳು. ಹತ್ತು ದಿನ ಹಿಡಿಯಿತು. ಬಿಚ್ಚಿ ನೋಡಬೇಕಾದ ಜೋಡಣೆಗಳದೊಂದು ಪಟ್ಟಿ, ಬಿಚ್ಚಿ ನೋಡಿಯಾದವುಗಳದು ಇನ್ನೊಂದು. ಹನ್ನೊಂದನೇ ದಿನ ಪ್ರಶ್ನೆಯ ಅಂಕಿಗಳನ್ನು ಕೊಟ್ಟು ಓಡಿಸಿದಳು. ಯಂತ್ರ ಸ್ವಲ್ಪ ಹೊತ್ತು ಗುಂಯ್ ಎಂದು, ಕೊನೆಗೆ ‘ಮೆಮರಿ ಸಾಲದು’ ಎಂಬ ಅರ್ಥದ ಒಂದು ಸಾಲು ತೋರಿಸಿ ನಿಂತಿತು. ಆ ಸಾಲನ್ನು ಹಾಗೆ ತೋರಿಸು ಎಂದು ಬರೆದವಳೂ ಅವಳೇ.

“ನಂದೇ ಎಲ್ಲೋ ತಪ್ಪಿದೆ” ಎಂದುಕೊಂಡಳು. ಮೂರು ದಿನ ಸಾಲು ಸಾಲಾಗಿ ಓದಿದಳು. ತಪ್ಪು ಸಿಗಲಿಲ್ಲ. ಆಮೇಲೊಂದು ಉಪಾಯ ಹೊಳೆಯಿತು. ತಲುಪಬೇಕಾದ ಜೋಡಣೆಯನ್ನೇ ತೆಗೆದುಕೊಂಡು, ಕಾಗದದ ಮೇಲೆ ಹದಿನೈದಿಪ್ಪತ್ತು ಸಲ ಸುಮ್ಮನೆ ಜಾರಿಸಿ ಕೆಡಿಸಿ, ಆ ಕೆಟ್ಟ ಜೋಡಣೆಯನ್ನು ಶುರುವಿನದೆಂದು ಕೊಟ್ಟಳು. ಪ್ರೋಗ್ರಾಂ ಕಣ್ಣು ಮಿಟುಕಿಸುವಷ್ಟರಲ್ಲಿ ದಾರಿ ತೋರಿಸಿತು. ಅದೂ ಅವಳು ಕೆಡಿಸಿದ್ದಕ್ಕಿಂತ ಕಡಿಮೆ ಹೆಜ್ಜೆಯಲ್ಲಿ. ಬೇರೆ ಬೇರೆ ರೀತಿ ಕೆಡಿಸಿ ಹನ್ನೆರಡು ಸಲ ಕೊಟ್ಟಳು. ಹನ್ನೆರಡಕ್ಕೂ ಉತ್ತರ ಬಂತು. ಪ್ರಶ್ನೆಯ ಜೋಡಣೆ ಕೊಟ್ಟರೆ ಮಾತ್ರ ಮತ್ತೆ ಅದೇ ಮೆಮರಿ ಸಾಲದು.

ಮನೆಯಲ್ಲಿ ಅವಳ ಗೊಣಗಾಟ ಕೇಳಿ ಕೇಳಿ ಅಣ್ಣಪ್ಪ ಒಂದು ಸಂಜೆ ಪ್ಲೈವುಡ್ ಚೂರಿನಲ್ಲಿ ಚೌಕಟ್ಟು ಮಾಡಿ, ಎಂಟು ಬಿಲ್ಲೆ ಕತ್ತರಿಸಿ, ಬೋಟಿಗೆ ನಂಬರು ಬರೆಯುವ ಬಣ್ಣದಲ್ಲಿ ಅಂಕಿ ಹಾಕಿ ತಂದಿಟ್ಟ. “ಕೈಯಾರೆ ನೋಡು” ಎಂದ.

ಕೈಯಾರೆ ನೋಡಿದಳು. ಒಂದು, ಎರಡು, ಮೂರು ಕೂರಿಸಿದಳು. ನಾಲ್ಕು, ಐದು, ಆರು ಕೂತವು. ಕೆಳಗಿನ ಸಾಲಿನಲ್ಲಿ ಎಂಟು ಮೊದಲು, ಏಳು ಆಮೇಲೆ. ಅದನ್ನು ಸರಿಮಾಡಲು ಹೋದರೆ ಮೇಲಿನದು ಕೆಟ್ಟಿತು. ಮೇಲಿನದು ಸರಿಮಾಡಿ ಬಂದರೆ ಕೆಳಗೆ ಮತ್ತೆ ಎಂಟು-ಏಳು. ಮಗಳು ಚಂದನಾ ಪ್ರಯತ್ನಿಸಿದಳು, ಅವಳಿಗೂ ಎಂಟು-ಏಳು. ಅಣ್ಣಪ್ಪನೂ ಊಟದ ಬಟ್ಟಲು ಪಕ್ಕಕ್ಕಿಟ್ಟು ಒಂದು ಗಂಟೆ ತಿಣುಕಿದ. ಎಂಟು-ಏಳು.

ಬಂಗಾರಿ ಬಾಗಿಲಿಗೆ ಒರಗಿ ನೋಡುತ್ತಿದ್ದವರು ಎದ್ದು ಬಂದು, ಏಳನ್ನೂ ಎಂಟನ್ನೂ ಉಗುರಿನಿಂದ ಎತ್ತಿ, ಅದಲು ಬದಲು ಮಾಡಿ ಇಟ್ಟರು. “ಆತಲ್ಲ! ಇಷ್ಟಕ್ಕೆ ಮೂರು ಜನ ಬೇಕಾ?”

“ಅತ್ತೆ, ಎತ್ತೂಕಾಗ. ಜಾರಿಸೂಕೆ ಮಾತ್ರ.”

“ಎತ್ತದೇ ಆಗುದಿಲ್ಲ ಅಂದ್ರೆ ಎತ್ತೂಕೇ ಬೇಕು. ಎಂತ ಓದಿದ್ಯೇನ” ಎಂದು ಬಂಗಾರಿ ಒಳಗೆ ಹೋದರು.

ಎಲ್ಲರೂ ನಕ್ಕರು, ನಾಗವೇಣಿಯೂ ನಕ್ಕಳು. ನಗುತ್ತಲೇ ಅವಳಿಗೆ ಎಕ್ಸ್‌ಚೇಂಜಿನ ಒಂದು ದೂರು ನೆನಪಾಯಿತು. ಹಿಂದಿನ ತಿಂಗಳು ಒಬ್ಬ ಡಾಕ್ಟರ ಕರೆಗಳೆಲ್ಲ ಮೀನಿನ ಏಜೆಂಟನ ಮನೆಗೆ, ಏಜೆಂಟನ ಕರೆಗಳೆಲ್ಲ ಡಾಕ್ಟರ ಮನೆಗೆ ಹೋಗುತ್ತಿದ್ದವು. ಜ್ವರದ ಔಷಧಿ ಕೇಳಿದವರಿಗೆ ಬಂಗುಡೆಯ ರೇಟು ಸಿಗುತ್ತಿತ್ತು. ಎರಡು ತಂತಿಗಳು ಅದಲು ಬದಲಾಗಿದ್ದವು, ಅಷ್ಟೆ. ಲೈನ್‌ಮನ್ ಅವೆರಡನ್ನೇ ಬಿಚ್ಚಿ ಮತ್ತೆ ಬದಲಿಸಿದ, ಸರಿಹೋಯಿತು. ಇಲ್ಲಿಯೂ ಅಷ್ಟೇ ಬಾಕಿ, ಒಂದೇ ಒಂದು ಅದಲು ಬದಲು. ಜಾರಿಸುವುದರಿಂದ ಅದೊಂದು ಯಾಕೆ ಆಗುತ್ತಿಲ್ಲ?

ಮುಂದಿನ ಭಾನುವಾರ ಕುಮಟೆಗೆ ಹೋದರೆ ತರಗತಿಯ ಉಳಿದ ಹತ್ತೊಂಬತ್ತು ಜನರೂ ಅಸೈನ್‌ಮೆಂಟ್ ಕೊಟ್ಟಾಗಿತ್ತು. ಎಲ್ಲರದೂ ಹದಿನೇಳು ಹೆಜ್ಜೆಯ ಉತ್ತರ. ಮೂಲ ಪ್ರತಿ ಉದಯನದು. ಕುಮಟೆಯಲ್ಲೇ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಪಾಠ ಹೇಳುವ ಚುರುಕು ಹುಡುಗ, ತರಗತಿಗೆಲ್ಲ ಅವನೇ ಆಧಾರ. ಉಳಿದವರು ಅದರ ಝೆರಾಕ್ಸ್ ನೋಡಿ ಬರೆದಿದ್ದರು. ಪ್ರಕಾಶ ಎಲ್ಲರಿಗೂ ಅಂಕ ಹಾಕಿಯೂ ಆಗಿತ್ತು.

“ಅಕ್ಕಾ, ನಿಮ್ಮದೊಂದೇ ಬಾಕಿ. ಬರೋ ಭಾನುವಾರ ಕೊನೆ” ಎಂದ ಪ್ರಕಾಶ.

“ನಂಗೆ ಉತ್ತರ ಬರ್ತಾ ಇಲ್ಲ ಸರ್.”

ಉದಯ ಹಿಂದಿನ ಬೆಂಚಿನಿಂದ ತನ್ನ ಝೆರಾಕ್ಸ್ ಚಾಚಿದ. “ತಕೊಳ್ಳಿ ಅಕ್ಕಾ, ಎಂತಕ್ಕೆ ತಲೆಬಿಸಿ.”

ನಾಗವೇಣಿ ತಕೊಂಡಳು. ಅವಳಿಗೆ ಬರೆದುಹಾಕುವ ಆಸೆ ಆಗಲಿಲ್ಲ ಎಂದರೆ ಸುಳ್ಳಾದೀತು. ಡ್ಯೂಟಿ, ಅಡಿಗೆ, ಬಸ್ಸು, ಎಲ್ಲ ಸೇರಿ ಅವಳು ಹಣ್ಣಾಗಿದ್ದಳು. ಅಸೈನ್‌ಮೆಂಟ್ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಆದರೆ ಹದಿನೇಳು ಹೆಜ್ಜೆ ಯಾವುದೆಂದು ನೋಡುವ ಕುತೂಹಲ ಅದಕ್ಕಿಂತ ಒಂದು ಕೈ ಹೆಚ್ಚಿತ್ತು. ಮನೆಗೆ ಬಂದವಳೇ ಪ್ಲೈವುಡ್ ಚೌಕ ಎದುರಿಗಿಟ್ಟುಕೊಂಡಳು. ಚಂದನಾ ಒಂದೊಂದೇ ಹೆಜ್ಜೆ ಓದಿದಳು, ನಾಗವೇಣಿ ಜಾರಿಸಿದಳು. ಹತ್ತನೇ ಹೆಜ್ಜೆಯವರೆಗೆ ಎಲ್ಲ ಸರಿ.

“ಹನ್ನೊಂದು” ಎಂದು ಚಂದನಾ ಓದಿ ಚೌಕದ ಕಡೆ ನೋಡಿದಳು. “ಅಮ್ಮಾ, ಇದು ಆಗುದಿಲ್ಲ. ನಾಲ್ಕೂ ಆರೂ ಜಾಗ ಬದಲಿಸಿಬಿಟ್ಟಿದ್ದಾವೆ.”

ನಾಗವೇಣಿ ಕಾಗದ ಕಸಿದು ನೋಡಿದಳು. ಹೌದು. ಖಾಲಿ ಮನೆ ಸರಿಯಾಗಿಯೇ ಒಂದು ಮನೆ ಸರಿದಿತ್ತು. ಅದರ ಜೊತೆಗೆ, ಅದಕ್ಕೆ ಸಂಬಂಧವೇ ಇಲ್ಲದ ನಾಲ್ಕೂ ಆರೂ ತಾವಾಗಿಯೇ ಅದಲು ಬದಲಾಗಿದ್ದವು. ಅಲ್ಲಿಂದ ಮುಂದೆ ಹದಿನೇಳರವರೆಗೆ ಮತ್ತೆ ಎಲ್ಲ ಸರಿ. ಅವಳ ಅತ್ತೆ ಉಗುರಿನಲ್ಲಿ ಮಾಡಿದ್ದನ್ನು ಉದಯ ಪೆನ್ನಿನಲ್ಲಿ ಮಾಡಿದ್ದ.

ಮಾರನೇ ದಿನ ಎಕ್ಸ್‌ಚೇಂಜಿನಿಂದಲೇ ಭಟ್ಕಳಕ್ಕೆ ಫೋನು ಹಚ್ಚಿದಳು. “ಸರ್, ನಿಮ್ಮ ಕಾಲೇಜಿನಲ್ಲಿ ದೊಡ್ಡ ಮೆಮರಿಯ ಮಿಷನ್ ಉಂಟಾ? ನನ್ನ ಪ್ರೋಗ್ರಾಮನ್ನ ಅದು ತಾನಾಗೇ ನಿಲ್ಲುವವರೆಗೆ ಓಡಿಸಿ ನೋಡ್ಬೇಕು.”

“ಎಂತಕ್ಕೆ ಅಕ್ಕಾ? ಎಲ್ಲರದೂ ಬಂದಿದೆಯಲ್ಲ.”

“ಬಂದದ್ದನ್ನ ನೀವು ಜಾರಿಸಿ ನೋಡಿದ್ರಾ ಸರ್?”

  “ಶನಿವಾರ ಬನ್ನಿ” ಎಂದ ಪ್ರಕಾಶ.

ಶನಿವಾರ ರಜೆ ಹಾಕಿ ಬೆಳಗಿನ ಬಸ್ಸಿಗೆ ಭಟ್ಕಳಕ್ಕೆ ಹೋದಳು. ಲ್ಯಾಬಿನಲ್ಲಿ ಹೊಸ ಪೆಂಟಿಯಂ ಯಂತ್ರಗಳು, ಅವುಗಳಲ್ಲಿ ಲಿನಕ್ಸ್. ಪ್ರಕಾಶ ಅವಳ ಫ್ಲಾಪಿ ಹಾಕಿ, ಒಂದೆರಡು ಸಾಲು ತಿದ್ದಿ, ಪ್ರತಿ ಹತ್ತು ಸಾವಿರ ಜೋಡಣೆ ಬಿಚ್ಚಿದ ಮೇಲೆ ಒಂದು ಸಂಖ್ಯೆ ತೋರಿಸುವ ಹಾಗೆ ಮಾಡಿದ. ಹತ್ತೂವರೆಗೆ ಶುರುವಾಯಿತು. ಹತ್ತು ಸಾವಿರ ಬೇಗ ಬಂತು. ಇಪ್ಪತ್ತು, ಮೂವತ್ತು. ಆಮೇಲೆ ನಿಧಾನವಾಗತೊಡಗಿತು. ಪ್ರತಿ ಹೊಸ ಜೋಡಣೆಯನ್ನೂ ಹಿಂದೆ ನೋಡಿದ್ದೇ ಅಲ್ಲವೇ ಎಂದು ಪಟ್ಟಿಯುದ್ದಕ್ಕೂ ಹುಡುಕಬೇಕಲ್ಲ, ಪಟ್ಟಿ ಉದ್ದವಾದಷ್ಟೂ ಹೊತ್ತು ಹೆಚ್ಚು.

“ಹುಡುಕೋ ರೀತಿ ಬದಲಿಸಿದ್ರೆ ಬೇಗ ಆಗ್ತಿತ್ತು” ಎಂದ ಪ್ರಕಾಶ.

“ಇರಲಿ ಸರ್. ಬೊಂಬಾಯಿ ಲೈನಿಗೆ ಇದಕ್ಕಿಂತ ಹೆಚ್ಚು ಕಾದವರು ನಾವು.”

ಇಬ್ಬರೂ ಕ್ಯಾಂಟೀನಿಗೆ ಹೋಗಿ ಊಟ ಮಾಡಿ ಬಂದರು. ಒಂದೂಕಾಲಿಗೆ ಪರದೆಯ ಮೇಲೆ ಸಂಖ್ಯೆಗಳು ನಿಂತಿದ್ದವು. ಬಿಚ್ಚಿ ನೋಡಬೇಕಾದ ಪಟ್ಟಿ ಖಾಲಿ. ನೋಡಿ ಮುಗಿದವು ಒಂದು ಲಕ್ಷದ ಎಂಬತ್ತೊಂದು ಸಾವಿರದ ನಾನೂರ ನಲವತ್ತು. ಬೇಕಾದ ಜೋಡಣೆ ಅವುಗಳಲ್ಲಿ ಇಲ್ಲ.

ಪ್ರಕಾಶ ಬೆನ್ನು ಕುರ್ಚಿಗೆ ಒರಗಿಸಿದ. ನಾಗವೇಣಿ ಆ ಸಂಖ್ಯೆಯನ್ನೇ ನೋಡುತ್ತ ನಿಂತಳು. ಅವಳಿಗೆ ಪಿಯುಸಿಯ ಗಣಿತ ಇನ್ನೂ ನಾಲಿಗೆಯ ತುದಿಯಲ್ಲಿತ್ತು. ಒಂಬತ್ತು ವಸ್ತುಗಳನ್ನು ಒಂಬತ್ತು ಮನೆಗಳಲ್ಲಿ ಎಷ್ಟು ರೀತಿ ಇಡಬಹುದು? ಒಂಬತ್ತು ಗುಣಿಸು ಎಂಟು ಗುಣಿಸು ಏಳು ಎಂದು ಒಂದರವರೆಗೆ. ಮೂರು ಲಕ್ಷದ ಅರವತ್ತೆರಡು ಸಾವಿರದ ಎಂಟುನೂರ ಎಂಬತ್ತು.

“ಸರ್, ಇದು ಸರಿಯಾಗಿ ಅರ್ಧ” ಎಂದಳು.

“ಎಂತದ್ದು?”

“ಇರೋ ಜೋಡಣೆಗಳಲ್ಲಿ ಸರಿಯಾಗಿ ಅರ್ಧ. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಇನ್ನರ್ಧ ಹೊಳೆಯ ಆಚೆ ದಡದಲ್ಲುಂಟು. ನಮ್ಮ ಉತ್ತರ ಅಲ್ಲುಂಟು. ದಾಟೂಕೆ ಸಂಕ ಇಲ್ಲ.”

ಪ್ರಕಾಶ ಕಾಗದದ ಮೇಲೆ ಗುಣಿಸಿ ನೋಡಿದ. ಆಮೇಲೆ ಹೇಳಿದ: “ಅಕ್ಕಾ, ನಾನು ಒಂದೂ ಹೆಜ್ಜೆ ಪರೀಕ್ಷೆ ಮಾಡ್ಲಿಲ್ಲ. ಎಲ್ಲರದೂ ಒಂದೇ ಥರ ಇತ್ತು, ಸರಿ ಇರಬೇಕು ಅಂತ ಅಂಕ ಹಾಕಿದೆ.”

 “ನಾನೂ ಎಲ್ಲರದೂ ಬಂತು, ನಂದು ಮಾತ್ರ ತಪ್ಪು ಅಂತಲೇ ಇದ್ದೆ ಸರ್” ಎಂದಳು.

ಸಂಕ ಯಾಕಿಲ್ಲ ಎಂಬುದು ಬಸ್ಸಿನಲ್ಲಿ ಸಿಕ್ಕಿತು. ಮಂಕಿ ಊರು ದಾಟುವ ಹೊತ್ತಿಗೆ ಅವಳು ಖಾಲಿ ಮನೆ ಬಿಟ್ಟು ಬಿಲ್ಲೆಗಳನ್ನು ಮೂರು ಸಾಲಿನ ಬದಲು ಒಂದೇ ಸಾಲಿನಲ್ಲಿ ಬರೆದು ನೋಡುತ್ತಿದ್ದಳು. ಅಂಕಿ ದೊಡ್ಡದು ಮುಂದಿದ್ದು ಚಿಕ್ಕದು ಹಿಂದಿದ್ದರೆ ಅದನ್ನೊಂದು ಉಲ್ಟಾ ಎಂದು ಎಣಿಸಿದಳು. ಬಿಲ್ಲೆ ಅಡ್ಡಕ್ಕೆ ಜಾರಿದರೆ ಸಾಲಿನ ಕ್ರಮ ಬದಲಾಗುವುದೇ ಇಲ್ಲ. ಮೇಲೆ ಕೆಳಗೆ ಜಾರಿದರೆ ಅದು ಸರಿಯಾಗಿ ಎರಡು ಬಿಲ್ಲೆಗಳನ್ನು ದಾಟುತ್ತದೆ. ಎರಡನ್ನು ದಾಟಿದರೆ ಉಲ್ಟಾಗಳು ಎರಡು ಹೆಚ್ಚಬಹುದು, ಎರಡು ಇಳಿಯಬಹುದು, ಇಲ್ಲವೇ ಒಂದು ಹೆಚ್ಚಿ ಒಂದು ಇಳಿದು ಇದ್ದಷ್ಟೇ ಇರಬಹುದು. ಒಂದೇ ಒಂದರಷ್ಟು ಬದಲಾಗಲು ದಾರಿಯೇ ಇಲ್ಲ. ಬೆಸ ಇದ್ದದ್ದು ಯಾವತ್ತೂ ಬೆಸ, ಸಮ ಇದ್ದದ್ದು ಸಮ. ಪ್ರಶ್ನೆಯ ಶುರುವಿನಲ್ಲಿ ಎಣಿಸಿದಳು: ಹನ್ನೊಂದು ಉಲ್ಟಾ. ತಲುಪಬೇಕಾದದ್ದರಲ್ಲಿ ಸೊನ್ನೆ, ಅಂದರೆ ಸಮ. ಅವಳು ಎಷ್ಟು ಜೋರಾಗಿ “ಆತು!” ಎಂದಳೆಂದರೆ ಕಂಡಕ್ಟರ್ ಸೀಟಿ ಊದಿ ಬಸ್ಸು ನಿಲ್ಲಿಸಿದ.

“ಎಲ್ಲಿ ಇಳಿಯುದು?”

“ಇಳಿಯುದಲ್ಲ, ಲೆಕ್ಕ ಆತು” ಎಂದಳು. ಕಂಡಕ್ಟರ್ ಗೊಣಗಿ ಎರಡು ಸೀಟಿ ಊದಿದ.

ಭಾನುವಾರ ಪ್ರಕಾಶ ತರಗತಿಗೆ ಬಂದವನೇ ಸುಣ್ಣದ ಕಡ್ಡಿಯನ್ನು ನಾಗವೇಣಿಯ ಕೈಗೆ ಕೊಟ್ಟು ತಾನು ಬೆಂಚಿನಲ್ಲಿ ಕೂತ. ಅವಳು ಹಲಗೆಯ ಮುಂದೆ ನಿಂತಳು. ಕಾಣದೇ ಮಾತಾಡಿ ಅಭ್ಯಾಸವಿದ್ದವಳಿಗೆ ಹತ್ತೊಂಬತ್ತು ಜೊತೆ ಕಣ್ಣುಗಳು ಎದುರಿಗೆ. ತಿರುಗಿ ಹಲಗೆಯನ್ನೇ ನೋಡುತ್ತ ಮಾತಾಡಿದಳು. ಆಗ ಸರಾಗವಾಯಿತು. ಸಾಲು ಬರೆದಳು, ಉಲ್ಟಾ ಎಣಿಸಿದಳು, ಒಂದು ಬಿಲ್ಲೆ ಎರಡನ್ನು ದಾಟುವುದನ್ನು ಬಾಣ ಹಾಕಿ ತೋರಿಸಿದಳು. ಭಟ್ಕಳದ ಸಂಖ್ಯೆಯನ್ನೂ ಅದರ ಎರಡರಷ್ಟನ್ನೂ ಬರೆದಳು.

“ಹಂಗಾದ್ರೆ ನಾವು ಬರೆದದ್ದು?” ಯಾರೋ ಕೇಳಿದರು.

ನಾಗವೇಣಿ ಸುಣ್ಣದ ಕಡ್ಡಿ ಕೆಳಗಿಟ್ಟಳು. ಹನ್ನೊಂದನೇ ಹೆಜ್ಜೆಯ ಮಾತನ್ನು ಅವಳು ಪ್ರಕಾಶನಿಗೂ ಹೇಳಿರಲಿಲ್ಲ. ಉದಯ ತಾನೇ ಎದ್ದು ನಿಂತ, ಮುಖ ಕೆಂಪಾಗಿತ್ತು.

“ಹನ್ನೊಂದರಲ್ಲಿ ನಾನೇ ಬದಲಿಸಿದ್ದು” ಎಂದ. “ನನ್ನ ಪ್ರೋಗ್ರಾಮಿಗೂ ದಾರಿ ಸಿಕ್ತಾನೇ ಇರ್ಲಿಲ್ಲ. ವಾರಗಟ್ಟಲೆ ನೋಡ್ದೆ. ಸೆಂಟರಲ್ಲಿ ಪಾಠ ಹೇಳವ, ನಂಗೇ ಬರ್ಲಿಲ್ಲ ಅಂತ ಹೇಳೂಕೆ ನಾಚ್ಕೆ ಆಯ್ತು. ಅದಕ್ಕೆ ಎರಡು ಅಂಕಿ ತಿರುಗಿಸಿ ದಾರಿ ಕೂಡಿಸ್ದೆ.”

“ನಿನ್ನ ಪ್ರೋಗ್ರಾಂ ಸರಿಯೇ ಇತ್ತು ತಮಾ” ಎಂದಳು ನಾಗವೇಣಿ. “ಅದಕ್ಕೆ ದಾರಿ ಸಿಗ್ಲಿಲ್ಲ ಅಂದ್ರೆ ಅದೇ ಸರಿ ಇತ್ತು ಅಂತ.”

ಉದಯ ಒಂದು ಕ್ಷಣ ಅವಳ ಮುಖವನ್ನೇ ನೋಡಿ ಕೂತ. ತಪ್ಪು ಒಪ್ಪಿಕೊಂಡದ್ದಕ್ಕಿಂತ, ತನ್ನದು ಸರಿಯಿತ್ತು ಎಂದು ಕೇಳಿದ್ದೇ ಅವನಿಗೆ ಹೆಚ್ಚು ತಟ್ಟಿದಂತಿತ್ತು.

ಪ್ರಕಾಶ ಎದ್ದು ಬಂದ. ಅವನೂ ಹೋಂವರ್ಕ್ ಮಾಡಿಕೊಂಡು ಬಂದಿದ್ದ. ಗ್ರಂಥಾಲಯದ ಹಳೆಯ ಪಠ್ಯಪುಸ್ತಕವೊಂದನ್ನು ತೆರೆದು ತೋರಿಸಿದ. ಶುರುವಿನ ಜೋಡಣೆ ಅಕ್ಷರಶಃ ಅದೇ, ಎರಡು ಎಂಟು ಮೂರು. ಆದರೆ ಅಲ್ಲಿ ತಲುಪಬೇಕಾದದ್ದು ಬೇರೆ. ನಡುಮನೆ ಖಾಲಿ, ಅದರ ಸುತ್ತ ಒಂದರಿಂದ ಎಂಟು ಅಂಕಿಗಳು ಗಡಿಯಾರದ ಹಾಗೆ. ಅದರಲ್ಲಿ ಉಲ್ಟಾ ಏಳು, ಬೆಸ. ಐದೇ ಹೆಜ್ಜೆಯಲ್ಲಿ ಮುಗಿಯುತ್ತಿತ್ತು. ಪ್ರಶ್ನೆ ತೆಗೆದ ಪುಣ್ಯಾತ್ಮರು ಕೊನೆಯನ್ನಷ್ಟೇ ಬದಲಿಸಿ ಹೊಸ ಪ್ರಶ್ನೆ ಮಾಡಿದ್ದರು. ಜಾರಿಸಿ ನೋಡಿರಲಿಲ್ಲ.

“ನಿಮ್ಮ ಹಾಗೇ, ನನ್ನ ಹಾಗೇ” ಎಂದು ಪ್ರಕಾಶ ನಕ್ಕ. ಹತ್ತೊಂಬತ್ತು ಅಸೈನ್‌ಮೆಂಟುಗಳನ್ನೂ ವಾಪಸು ಕೊಟ್ಟ. ಒಂದು ವಾರದ ಗಡುವು. ದಾರಿ ಯಾಕಿಲ್ಲ ಎಂದಾದರೂ ಬರೆಯಬಹುದು, ಪುಸ್ತಕದಲ್ಲಿದ್ದ ಕೊನೆಯ ಜೋಡಣೆಯನ್ನಿಟ್ಟು ಸರಿಯಾಗಿ ಬಿಡಿಸಿಯಾದರೂ ಕೊಡಬಹುದು, ಆದರೆ ತಾವೇ ಮಾಡಬೇಕು. ಗೊಣಗಾಟ ಎದ್ದಿತು. ಅಂಕೋಲೆಯಿಂದ ಬರುವ ಇಬ್ಬರು ನಾಗವೇಣಿಯ ಕಡೆ ದುರುಗುಟ್ಟಿ ನೋಡಿದರು. ಆದರೆ ಅಂದು ಮಧ್ಯಾಹ್ನ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಅದೇ ಇಬ್ಬರು ಬನ್ಸ್ ತಿನ್ನುತ್ತ, ಕರವಸ್ತ್ರದ ಮೇಲೆ ಕಡಲೆಕಾಳು ಇಟ್ಟು ಜಾರಿಸುತ್ತ ಕೂತಿದ್ದನ್ನು ಅವಳು ಕಂಡಳು.

ನಾಗವೇಣಿ ತನ್ನ ಅಸೈನ್‌ಮೆಂಟಿನ ಮೂರನೇ ಪ್ರಶ್ನೆಗೆ ಬರೆದ ಉತ್ತರದ ಮೊದಲ ಸಾಲು ‘ದಾರಿ ಇಲ್ಲ’ ಎಂದಿತ್ತು. ಅದರ ಕೆಳಗೆ ಆರು ಪುಟ ಕಾರಣ, ಮೂರು ಪುಟ ಪ್ರೋಗ್ರಾಂ. ಪ್ರಕಾಶ ಅದರ ಝೆರಾಕ್ಸಿನ ಜೊತೆ ಒಂದು ಪತ್ರವನ್ನು ವಿಶ್ವವಿದ್ಯಾಲಯಕ್ಕೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದ.

ಏಳು ತಿಂಗಳ ಮೇಲೆ ಒಂದು ಸುತ್ತೋಲೆ ಬಂತು. ನಾಗವೇಣಿಯ ಹೆಸರಾಗಲಿ, ತಪ್ಪೇನಿತ್ತು ಎಂಬುದಾಗಲಿ ಅದರಲ್ಲಿರಲಿಲ್ಲ. ಮೂರನೇ ಪ್ರಶ್ನೆಯನ್ನು ಪ್ರಯತ್ನಿಸಿದ ಎಲ್ಲ ವಿದ್ಯಾರ್ಥಿಗಳಿಗೂ ಪೂರ್ಣ ಅಂಕ ನೀಡತಕ್ಕದ್ದು ಎಂದಷ್ಟೇ ಇತ್ತು. ಪ್ರಕಾಶ ಅದನ್ನು ತರಗತಿಯಲ್ಲಿ ಗಂಭೀರವಾಗಿ ಓದಿದ. ಉದಯ ಮೊದಲು ನಕ್ಕ, ಆಮೇಲೆ ಕೋಣೆಗೆ ಕೋಣೆಯೇ ನಕ್ಕಿತು. ಎಲ್ಲರಿಗಿಂತ ಹೆಚ್ಚು ನಕ್ಕವಳು ನಾಗವೇಣಿ.

ಮನೆಯಲ್ಲಿ ಹೇಳಿದಾಗ ಬಂಗಾರಿ ಕೇಳಿದರು, “ಹಂಗಾರೆ ಎತ್ತಿ ಇಟ್ಟವಕ್ಕೂ ಪೂರ್ತಿ ಮಾರ್ಕಾ?”

“ಹೌದು ಅತ್ತೆ.”

“ನಂಗೂ ಒಂದು ಫಾರಂ ತಂದುಕೊಡೆ” ಎಂದು ಬಂಗಾರಿ ಮೀನಿಗೆ ಉಪ್ಪು ಹಚ್ಚತೊಡಗಿದರು.

ಎಂಸಿಎ ಮುಗಿಸಲು ನಾಗವೇಣಿಗೆ ಇನ್ನೂ ಮೂರು ವರ್ಷ ಹಿಡಿಯಿತು. ನಡುವೆ ಒಂದು ಪೇಪರು ಎರಡು ಸಲ ಕೈಕೊಟ್ಟಿತು. ಅದಕ್ಕೆ ಅವಳನ್ನು ತಯಾರು ಮಾಡಿದವನು ಉದಯ. ಪ್ರತಿ ಗುರುವಾರ ಕುಮಟೆಯಿಂದ ಬಂದು, ಎಕ್ಸ್‌ಚೇಂಜಿನ ಎದುರಿನ ಅಂಗಡಿಯ ಬೆಂಚಿನಲ್ಲಿ ಪಾಠ ಹೇಳಿ ಹೋಗುತ್ತಿದ್ದ. ಅವಳು ನೌಕರಿ ಬಿಡಲಿಲ್ಲ, ಬಿಡುವ ಯೋಚನೆಯೂ ಬರಲಿಲ್ಲ. ಎರಡು ಸಾವಿರದ ಆರರಲ್ಲಿ ಪ್ರಕಾಶ ಪಿಎಚ್‌ಡಿ ಮಾಡಲು ಸುರತ್ಕಲ್ಲಿಗೆ ಹೊರಟಾಗ ಭಾನುವಾರದ ತರಗತಿಗೆ ಜನ ಬೇಕಾಯಿತು. ಅವನು ಅವಳ ಹೆಸರು ಹೇಳಿದ. ಇಲಾಖೆಯ ಅನುಮತಿ ಪತ್ರ ಬರಲು ನಾಲ್ಕು ತಿಂಗಳಾಯಿತು, ಬಂತು.

ಮೊದಲ ಭಾನುವಾರ ಅವಳು ಅರ್ಧ ಗಂಟೆ ಮುಂಚೆಯೇ ಹೋಗಿ, ಕೋಣೆಯ ಕಿಟಕಿಗಳನ್ನು ತೆರೆದು, ಬೆಂಚಿನ ಧೂಳು ಒರೆಸಿ ಕಾದಳು. ಬಂದವರು ಆರು ಮಂದಿ. ಅವರಲ್ಲಿ ಗೋಕರ್ಣದ ಪೋಸ್ಟ್‌ಮನ್ ಒಬ್ಬ, ನಲವತ್ತು ದಾಟಿದವನು, ಬಾಗಿಲಲ್ಲೇ ನಿಂತು, “ಮೇಡಂ, ನನ್ನ ವಯಸ್ಸಿಗೆ ಇದು ತಲೆಗೆ ಹತ್ತುದಾ?” ಎಂದು ಕೇಳಿದ.

“ಒಳಗೆ ಬನ್ನಿ, ನೋಡ್ವ” ಎಂದಳು ನಾಗವೇಣಿ. ಈ ಸಲ ಅವಳು ಹಲಗೆಯ ಕಡೆಗಲ್ಲ, ಅವರ ಕಡೆಗೇ ಮುಖ ಮಾಡಿ ನಿಂತು ಪಾಠ ಶುರುಮಾಡಿದಳು.